ನೂರು ಚೀಟಿಗಳ ಗಡಿಗೆ

ಧಾರವಾಡದ ಹತ್ತಿರದ ಊರೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿಯೊಬ್ಬರು ನನಗೆ ಪರಿಚಿತರು. ರಾಜ್ಯೋತ್ಸವದ ರಸಪ್ರಶ್ನೆಗೆ ತಯಾರಿ ಮಾಡುತ್ತಿದ್ದಾಗ ಒಂದು ಸಂಜೆ ಅವರಿಂದ ಫೋನ್ ಬಂತು. ತಮ್ಮ ಲ್ಯಾಪ್‌ಟಾಪಿನಲ್ಲೇ ಓಡುವ ಭಾಷಾ ಮಾಡೆಲ್ ಒಂದನ್ನು ಅವರು ಹಾಕಿಕೊಂಡಿದ್ದರು. ಪ್ರಶ್ನೆಗಳಿಗೆ ಉತ್ತರ ಹುಡುಕುವುದಕ್ಕೂ ಮಕ್ಕಳಿಗೆ ಓದಿ ಹೇಳಲು ಸಣ್ಣ ಕಥೆ ಬರೆಸುವುದಕ್ಕೂ ಅದೇ.

"ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರಿಟ್ಟದ್ದು ಯಾವ ವರ್ಷ ಅಂತ ಕೇಳಿದ್ರ ನಿನ್ನೆ 1973 ಅಂತು, ಇವತ್ತ 1956 ಅನ್ನಾಕತ್ತೈತ್ರೀ ಸರ್. ಅದಕ್ಕ ಗೊತ್ತೈತೋ ಇಲ್ಲೋ?"

ಟೆಂಪರೇಚರ್ ಎಂಬ ಸೆಟ್ಟಿಂಗ್ ಇರುತ್ತದೆ, ಅದನ್ನು ಸೊನ್ನೆಗೆ ಇಳಿಸಿ ಎಂದೆ. ಉತ್ತರ 1973ರಲ್ಲೇ ನಿಂತಿತು. ವಾರ ಕಳೆದು ಮತ್ತೆ ಫೋನ್. ಈಗ ಬರೆಸಿದ ಕಥೆಗಳೆಲ್ಲ ಒಂದೇ ಹಳ್ಳಿಯಲ್ಲಿ, ಒಬ್ಬನೇ ಬಡ ರೈತನಿಂದ ಶುರುವಾಗುತ್ತಿವೆ. ಒಂದು ಕಥೆಯಂತೂ ಅರ್ಧದಲ್ಲಿ ಒಂದೇ ವಾಕ್ಯವನ್ನು ಹತ್ತು ಸಲ ಹೇಳಿ ಅಲ್ಲೇ ಸುತ್ತುತ್ತಿದೆ. ನಾನು ಕೊಟ್ಟಿದ್ದು ಅರ್ಧ ಸಲಹೆ. ಉಳಿದ ಅರ್ಧವನ್ನು ಅವರಿಗೆ ವಿವರಿಸಲು ಒಂದು ಭಾನುವಾರ ಇಡೀ ಹಿಡಿಯಿತು. ಆ ವಿವರಣೆಯೇ ಈ ಬರಹ.

ಭಾಷಾ ಮಾಡೆಲ್ ಇಡೀ ಉತ್ತರವನ್ನು ಒಮ್ಮೆಗೇ ಯೋಚಿಸಿ ಬರೆಯುವುದಿಲ್ಲ. ತುಂಡು ತುಂಡಾಗಿ ಬರೆಯುತ್ತದೆ. ಈ ತುಂಡಿಗೆ ಟೋಕನ್ ಎನ್ನುತ್ತಾರೆ. ಅದು ಒಂದು ಪದ ಇರಬಹುದು, ಪದದ ಚೂರೂ ಇರಬಹುದು. ಪ್ರತಿ ಹೆಜ್ಜೆಯಲ್ಲೂ ಮಾಡೆಲ್ ತನ್ನಲ್ಲಿರುವ ಸಾವಿರಾರು ಟೋಕನ್‌ಗಳಲ್ಲಿ ಒಂದೊಂದಕ್ಕೂ 'ಮುಂದೆ ಇದು ಬರುವ ಸಾಧ್ಯತೆ ಇಷ್ಟು' ಎಂದು ಅಂಕ ಹಾಕುತ್ತದೆ. ಮಾಡೆಲ್‌ನ ಕೆಲಸ ಅಲ್ಲಿಗೆ ಮುಗಿಯಿತು. ಆ ಅಂಕಗಳನ್ನು ನೋಡಿ ಒಂದು ಟೋಕನ್ ಆರಿಸುವುದು ಬೇರೆಯೇ ಕೆಲಸ. ಅದು ಹೆಚ್ಚುಕಡಿಮೆ ಚೀಟಿ ಎತ್ತುವ ಹಾಗೆ.

ಒಂದು ಗಡಿಗೆಯಲ್ಲಿ ನೂರು ಚೀಟಿ ಇದೆ ಅಂದುಕೊಳ್ಳಿ. ಶಿಕ್ಷಕಿಯ ಪ್ರಶ್ನೆಗೆ ಮಾಡೆಲ್ ಹಾಕಿದ ಚೀಟಿಗಳಲ್ಲಿ 81ರ ಮೇಲೆ 1973, 9ರ ಮೇಲೆ 1956, ಇನ್ನೊಂದು 9ರ ಮೇಲೆ 1972, ಉಳಿದ ಒಂದರ ಮೇಲೆ 1974 ಎಂದಿದೆ. ಈ ಸಂಖ್ಯೆಗಳು ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿಕೊಂಡವು. ಇಸವಿ ಇಡಿಯಾಗಿ ಒಂದೇ ಟೋಕನ್ ಎಂದೂ ಇಟ್ಟುಕೊಳ್ಳೋಣ. 1956ಕ್ಕೆ ಚೀಟಿ ಬಂದದ್ದು ಏಕೆ ಎಂದು ಊಹಿಸುವುದು ಕಷ್ಟವಲ್ಲ. ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು, ಮೈಸೂರು ಎಂದಿದ್ದ ಅದರ ಹೆಸರು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಎರಡು ಸಂಗತಿಗಳೂ ಒಂದೇ ಬಗೆಯ ಬರಹಗಳಲ್ಲಿ, ಹಲವು ಸಲ ಒಂದೇ ಪ್ಯಾರಾದಲ್ಲಿ ಬರುತ್ತವೆ. ಅಂಥ ಬರಹ ಓದಿ ಕಲಿತ ಮಾಡೆಲ್‌ನ ಗಡಿಗೆಯಲ್ಲಿ ಎರಡೂ ಇಸವಿಗಳು ಇದ್ದೇ ಇರುತ್ತವೆ. ಕಣ್ಣು ಮುಚ್ಚಿ ಚೀಟಿ ಎತ್ತಿದರೆ ನೂರಕ್ಕೆ ಹತ್ತೊಂಬತ್ತು ಸಲ ತಪ್ಪು ಇಸವಿ ಸಿಗುತ್ತದೆ. ಅವರಿಗೆ ಸಿಕ್ಕಿದ್ದು ಅದೇ.

ಗಡಿಗೆಯೊಳಗಿನ ಚೀಟಿಗಳ ಪ್ರಮಾಣವನ್ನೇ ಬದಲಿಸುವ ಗುಂಡಿ ಟೆಂಪರೇಚರ್. ಅದು 1ರಲ್ಲಿದ್ದರೆ ಮಾಡೆಲ್ ಹಾಕಿದ ಚೀಟಿಗಳು ಹಾಗೆಯೇ ಉಳಿಯುತ್ತವೆ. 0.5 ಮಾಡಿದರೆ ಪ್ರತಿ ಸಂಖ್ಯೆಯನ್ನೂ ಅದರಿಂದಲೇ ಗುಣಿಸಿದಂತೆ, ಅಂದರೆ ವರ್ಗ ಮಾಡಿದಂತೆ. 2 ಮಾಡಿದರೆ ಪ್ರತಿ ಸಂಖ್ಯೆಯ ವರ್ಗಮೂಲ ತೆಗೆದಂತೆ. ಆಮೇಲೆ ಎಲ್ಲವನ್ನೂ ಮತ್ತೆ ನೂರಕ್ಕೆ ಹೊಂದಿಸುತ್ತಾರೆ. ಸೂತ್ರ ಬೇಕೆನ್ನುವವರಿಗೆ, ಸಾಧ್ಯತೆ p, ಟೆಂಪರೇಚರ್ T ಆದರೆ ಹೊಸ ತೂಕ ಇಷ್ಟು:

```
p^(1/T)
```

ನಮ್ಮ ಗಡಿಗೆಯ ಮೇಲೆ ಇದನ್ನು ಮಾಡಿ ನೋಡೋಣ. 81, 9, 9, 1 ಇವುಗಳ ವರ್ಗ 6561, 81, 81, 1. ಒಟ್ಟು 6724ರಲ್ಲಿ 1973ರ ಪಾಲು ಶೇಕಡಾ 97ಕ್ಕೂ ಮೇಲೆ. ಹಾಗೆಯೇ ವರ್ಗಮೂಲ ತೆಗೆದರೆ 9, 3, 3, 1. ಒಟ್ಟು 16ರಲ್ಲಿ 1973ಕ್ಕೆ ಒಂಬತ್ತೇ, ಅಂದರೆ ಶೇಕಡಾ 56. ಮಾಡೆಲ್‌ಗೆ ಗೊತ್ತಿರುವುದು ಎರಡೂ ಸಲ ಒಂದೇ. ಟೆಂಪರೇಚರ್ 0.5ರಲ್ಲಿ ಅದು ನೂರಕ್ಕೆ ಎರಡು ಮೂರು ಸಲ ತಪ್ಪುತ್ತದೆ, 2ರಲ್ಲಿ ಸುಮಾರು ಅರ್ಧ ಸಲ ತಪ್ಪುತ್ತದೆ. ಸೊನ್ನೆಯಲ್ಲಿ ಭಾಗಿಸಲು ಬರುವುದಿಲ್ಲವಾದ್ದರಿಂದ, ಟೆಂಪರೇಚರ್ 0 ಎಂದರೆ ಚೀಟಿ ಎತ್ತುವುದೇ ಬೇಡ, ಹೆಚ್ಚು ಚೀಟಿ ಇರುವುದನ್ನೇ ತೆಗೆದುಕೋ ಎಂದು ಪ್ರೋಗ್ರಾಮ್‌ಗಳು ಅರ್ಥಮಾಡಿಕೊಳ್ಳುತ್ತವೆ.

ಈ ಹೆಸರು ಬಂದದ್ದು ಭೌತಶಾಸ್ತ್ರದಿಂದ. ಬಿಸಿ ಕಡಿಮೆಯಿದ್ದಾಗ ಕಣಗಳು ಕಡಿಮೆ ಶಕ್ತಿಯ ಸ್ಥಿತಿಗಳಲ್ಲೇ ಸೇರಿಕೊಂಡಿರುತ್ತವೆ, ಬಿಸಿ ಏರಿದಂತೆ ಎಲ್ಲ ಸ್ಥಿತಿಗಳಿಗೂ ಹರಡಿಕೊಳ್ಳುತ್ತವೆ. ಲುಡ್ವಿಗ್ ಬೋಲ್ಟ್ಸ್‌ಮನ್ 19ನೇ ಶತಮಾನದಲ್ಲಿ ಇದಕ್ಕೆ ಕೊಟ್ಟ ಗಣಿತವನ್ನೇ 1985ರಲ್ಲಿ ಆಕ್ಲಿ, ಹಿಂಟನ್, ಸೆಜ್ನೋವ್ಸ್ಕಿ ಎಂಬ ಮೂವರು ತಮ್ಮ 'ಬೋಲ್ಟ್ಸ್‌ಮನ್ ಯಂತ್ರ'ದ ಲೇಖನದಲ್ಲಿ ನರಜಾಲಗಳಿಗೆ ಬಳಸಿದರು.

ಈಗ ಕಥೆಯ ಗಡಿಗೆಗೆ ಬರೋಣ. 'ಮಳೆ ನಿಂತ ಮೇಲೆ ಅಂಗಳದಲ್ಲಿ ಉಳಿದದ್ದು...' ಎಂದು ಕಥೆ ನಿಂತಿದೆ. ಮುಂದಿನ ಪದ ಯಾವುದು? ಇಲ್ಲಿ ಸರಿಯುತ್ತರ ಎಂಬುದೇ ಇಲ್ಲ. ಮಾಡೆಲ್ 36 ಚೀಟಿ 'ನೀರು' ಎಂದು ಬರೆಯಿತು, 16 'ಕೆಸರು' ಎಂದು, 'ಮೌನ'ಕ್ಕೆ 9, 'ಎಲೆ'ಗಳಿಗೆ 9. 'ಕೊಡೆ', 'ಹೆಜ್ಜೆಗುರುತು' ಮೊದಲಾದ ಐದು ಪದಗಳಿಗೆ ನಾಲ್ಕು ನಾಲ್ಕು. ಇನ್ನೂ ಒಂಬತ್ತು ಪದಗಳಿಗೆ ಒಂದೊಂದು. ಹೀಗೆ ಹದಿನೆಂಟು ಪದಗಳಿಗೆ 99 ಚೀಟಿ ಮುಗಿಯಿತು. ಉಳಿದ ಒಂದೇ ಒಂದು ಚೀಟಿಯನ್ನು ಹತ್ತು ಸಾವಿರ ಚೂರು ಮಾಡಿ, ಈ ವಾಕ್ಯಕ್ಕೆ ಸಂಬಂಧವೇ ಇಲ್ಲದ ಹತ್ತು ಸಾವಿರ ಟೋಕನ್‌ಗಳಿಗೆ ಹಂಚಿದೆ. ಆ ಚೂರುಗಳಲ್ಲಿ 'ಸಂವಿಧಾನ' ಇದೆ, ಅರ್ಧ ಕತ್ತರಿಸಿದ ಅಕ್ಷರವಿದೆ, ಯಾವುದೋ ಬೇರೆ ಲಿಪಿಯ ತುಂಡೂ ಇದೆ. ಇದನ್ನು ನಾನು ಬಾಲ ಎಂದು ಕರೆಯುತ್ತೇನೆ. ಇಡೀ ಸಮಸ್ಯೆ ಇರುವುದು ಈ ಬಾಲದಲ್ಲೇ.

ಟೆಂಪರೇಚರ್ ಸೊನ್ನೆಯಲ್ಲಿ ಪ್ರತಿ ಸಲವೂ 'ನೀರು'. 0.5ರಲ್ಲೂ ನೂರಕ್ಕೆ 72 ಸಲ 'ನೀರು'. ಪ್ರತಿ ಹೆಜ್ಜೆಯಲ್ಲೂ ಅತಿ ಸಂಭವನೀಯವಾದದ್ದನ್ನೇ ಆರಿಸಿದರೆ ಸಿಗುವುದು ಹಳ್ಳಿ, ಬಡ ರೈತ, ಒಳ್ಳೆಯ ಹುಡುಗಿ. ಮಾಡೆಲ್ ಒಂದು ವಾಕ್ಯವನ್ನು ಎರಡು ಸಲ ಬರೆದರೆ ಮೂರನೆಯ ಸಲ ಅದೇ ವಾಕ್ಯ ಬರುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ಅದಕ್ಕೇ ಕಥೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಇದನ್ನು ಅಂಕಿಗಳಿಟ್ಟು ತೋರಿಸಿದ್ದು ಆರಿ ಹೋಲ್ಟ್ಸ್‌ಮನ್, ಯೆಜಿನ್ ಚೋಯ್ ಮತ್ತು ಸಂಗಡಿಗರ 2019ರ ಲೇಖನ. ಮನುಷ್ಯರು ಬರೆದ ಬರಹದಲ್ಲಿ ಪ್ರತಿ ಪದದ ಸಾಧ್ಯತೆ ಒಂದೇ ಸಮನೆ ಎತ್ತರದಲ್ಲಿರುವುದಿಲ್ಲ, ಏರಿಳಿಯುತ್ತಿರುತ್ತದೆ ಎಂದು ಅವರು ತೋರಿಸಿದರು. ಓದುಗ ಊಹಿಸಿದ್ದನ್ನೇ ಪ್ರತಿ ಸಲ ಹೇಳುವವರ ಮಾತನ್ನು ನಾವೂ ಕೇಳಿಸಿಕೊಳ್ಳುವುದಿಲ್ಲವಲ್ಲ.

ಹಾಗಾದರೆ ಕಥೆಗೆ ಟೆಂಪರೇಚರ್ ಏರಿಸಿದರೆ ಆಯಿತಲ್ಲ? ಬಹಳ ಜನ ಹಾಗೇ ಮಾಡುತ್ತಾರೆ. ಎರಡೇ ವಾಕ್ಯದಲ್ಲಿ ಕಥೆ ಕೆಟ್ಟುಹೋಗುತ್ತದೆ. ಏಕೆಂದು ಲೆಕ್ಕ ಹಾಕಿ ನೋಡಿದರೆ ನಿಜಕ್ಕೂ ಅಚ್ಚರಿ. ಟೆಂಪರೇಚರ್ 2ರಲ್ಲಿ ವರ್ಗಮೂಲ ತೆಗೆಯಬೇಕು. 36ರ ವರ್ಗಮೂಲ 6, 16ರದು 4, 9ರದು 3. ಹದಿನೆಂಟು ಒಳ್ಳೆಯ ಪದಗಳ ತೂಕ ಕೂಡಿದರೆ 35. ಬಾಲದ ಒಂದೊಂದು ಚೂರು 0.0001 ಚೀಟಿ, ಅದರ ವರ್ಗಮೂಲ 0.01. ಚೂರು ನೂರು ಪಟ್ಟು ದೊಡ್ಡದಾಯಿತು! ಅಂಥ ಹತ್ತು ಸಾವಿರ ಚೂರುಗಳ ತೂಕ 100. ಒಟ್ಟು 135ರಲ್ಲಿ ಬಾಲಕ್ಕೇ 100, ಅಂದರೆ ಶೇಕಡಾ 74. ಮೊದಲು ನೂರಕ್ಕೆ ಒಂದು ಸಲ ಬರಬೇಕಿದ್ದ ಕಸ ಈಗ ನಾಲ್ಕಕ್ಕೆ ಮೂರು ಸಲ ಬರುತ್ತದೆ. ಹೊಸತನಕ್ಕೆಂದು ಏರಿಸಿದ ಬಿಸಿ 'ಮೌನ', 'ಕೊಡೆ'ಗಳ ಪಾಲನ್ನೂ ಕಿತ್ತು ಕಸಕ್ಕೆ ಕೊಟ್ಟಿತು.

ಆ 2019ರ ಲೇಖನವೇ ಇದಕ್ಕೊಂದು ದಾರಿ ಸೂಚಿಸಿತು. ಚೀಟಿಗಳನ್ನು ಹೆಚ್ಚಿನಿಂದ ಕಡಿಮೆಗೆ ಸಾಲಾಗಿ ಜೋಡಿಸಿ, ಮೇಲಿನಿಂದ ಎಣಿಸುತ್ತ ಬನ್ನಿ. ಎಣಿಕೆ 90 ಮುಟ್ಟಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನೆಲ್ಲ ಎಸೆದುಬಿಡಿ. ಇದು ಟಾಪ್-ಪಿ, ನಿಲ್ಲಿಸುವ ಗುರುತು 90 ಆದರೆ ಅದರ ಬೆಲೆ 0.9. ಇದಕ್ಕೂ ಮೊದಲು ಬಳಕೆಯಲ್ಲಿದ್ದ ಟಾಪ್-ಕೆ ಎಂಬ ಕ್ರಮ ಯಾವಾಗಲೂ ಮೇಲಿನ ಇಷ್ಟೇ ಪದ ಎಂದು ಎಣಿಸಿ ಇಟ್ಟುಕೊಳ್ಳುತ್ತಿತ್ತು. ಟಾಪ್-ಪಿಯ ಚಂದ ಏನೆಂದರೆ ಅದು ಉಳಿಸಿಕೊಳ್ಳುವ ಪದಗಳ ಸಂಖ್ಯೆ ಸಂದರ್ಭಕ್ಕೆ ತಕ್ಕಂತೆ ತಾನಾಗಿ ಹಿಗ್ಗಿ ಕುಗ್ಗುತ್ತದೆ. ಟಾಪ್-ಪಿ 0.8 ಇಟ್ಟರೆ ಇಸವಿಯ ಗಡಿಗೆಯಲ್ಲಿ ಮೊದಲ ಪದ 1973ಕ್ಕೇ 81 ಆಗಿಬಿಡುತ್ತದೆ, ಬೇರೆ ಯಾವುದೂ ಉಳಿಯುವುದಿಲ್ಲ. ಕಥೆಯ ಗಡಿಗೆಯಲ್ಲಿ ಅದೇ 0.8ಕ್ಕೆ ಏಳು ಪದಗಳು ಉಳಿಯುತ್ತವೆ, 0.9ಕ್ಕೆ ಒಂಬತ್ತು. ಬಾಲ ಪೂರ್ತಿ ಕತ್ತರಿಸಿಹೋಗುತ್ತದೆ.

ಇಲ್ಲಿಯವರೆಗೆ ಶಿಕ್ಷಕಿ ಬೇಗ ಬೇಗ ಟಿಪ್ಪಣಿ ಬರೆದುಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ: "ಟಾಪ್-ಪಿ 0.9 ಇಟ್ಟು ಟೆಂಪರೇಚರ್ 2 ಮಾಡಿದ್ರ ಏನಾಕ್ಕೈತ್ರೀ? ಬಾಲ ಕತ್ತರಿಸೇ ಬಿಟ್ಟೇವಲ್ಲ."

ಯಾವುದು ಮೊದಲು ನಡೆಯುತ್ತದೆ ಎಂಬುದರ ಮೇಲಿದೆ. ಕೆಲವು ಪ್ರೋಗ್ರಾಮ್‌ಗಳಲ್ಲಿ ಮೊದಲು ಟೆಂಪರೇಚರ್, ಆಮೇಲೆ ಟಾಪ್-ಪಿ. ಬಹಳ ಜನ ಬಳಸುವ `transformers` ಲೈಬ್ರರಿಯಲ್ಲಿ ಹೀಗೆ. ಬಿಸಿ ಮೊದಲು ಮುಟ್ಟಿದರೆ ಬಾಲ ಆಗಲೇ 135ರಲ್ಲಿ 100 ತೂಕಕ್ಕೆ ಊದಿಕೊಂಡಿರುತ್ತದೆ. 135ರ ಶೇಕಡಾ 90 ಎಂದರೆ 121.5. ಒಳ್ಳೆಯ ಪದಗಳೆಲ್ಲ ಸೇರಿ 35, ಉಳಿದ 86.5ನ್ನು ತುಂಬಲು ಬಾಲದ ಎಂಟು ಸಾವಿರದ ಆರುನೂರಕ್ಕೂ ಹೆಚ್ಚು ಚೂರುಗಳು ಒಳಗೆ ಬರುತ್ತವೆ. ಕತ್ತರಿ ಇದ್ದೂ ಇಲ್ಲದಂತೆ. ಮನೆಯ ಕಂಪ್ಯೂಟರಿನಲ್ಲಿ ಮಾಡೆಲ್ ಓಡಿಸುವವರು ಬಳಸುವ `llama.cpp`ಯಲ್ಲಿ ನಾವು ಬದಲಿಸದಿದ್ದರೆ ಕ್ರಮ ತಿರುಗುಮುರುಗು, ಟೆಂಪರೇಚರ್ ಕೊನೆಗೆ ಬರುತ್ತದೆ. ಅಲ್ಲಿ ಮೊದಲು ಬಾಲ ಹೋಗಿ ಒಂಬತ್ತು ಪದ ಉಳಿದು, ಬಿಸಿ ಆ ಒಂಬತ್ತರ ನಡುವೆ ಮಾತ್ರ ಆಡುತ್ತದೆ. 'ನೀರು' ಶೇಕಡಾ 23ಕ್ಕೆ ಇಳಿಯುತ್ತದೆ, 'ಮೌನ' 11ರ ಮೇಲೆ ಏರುತ್ತದೆ, 'ಸಂವಿಧಾನ' ಅಂಗಳಕ್ಕೆ ಕಾಲಿಡುವುದೇ ಇಲ್ಲ. ಅದೇ ಎರಡು ಸಂಖ್ಯೆಗಳು ಒಂದು ಕಡೆ ಕಥೆಯನ್ನು ಕೆಡಿಸಿ ಇನ್ನೊಂದು ಕಡೆ ಉಳಿಸುತ್ತವೆ. 'ಕಥೆಗೆ ಇಷ್ಟು ಇಡಿ' ಎಂದು ಯಾರೋ ಹೇಳಿದ ಸಂಖ್ಯೆ ನಮ್ಮಲ್ಲಿ ಕೆಲಸ ಮಾಡದಿರಲು ಇದೂ ಒಂದು ಕಾರಣ.

ಟೆಂಪರೇಚರ್ ಮೊದಲು ಬರುವ ಕಡೆಗಳಲ್ಲಿ ಬಿಸಿಯನ್ನು ಸ್ವಲ್ಪವೇ ಏರಿಸಬೇಕು. 1.2 ಇಟ್ಟು ಅದೇ ಲೆಕ್ಕ ಮಾಡಿದೆ. ಬಾಲ ಶೇಕಡಾ 1ರಿಂದ ಸುಮಾರು 6.5ಕ್ಕೆ ಬೆಳೆಯಿತು, ಆದರೆ 0.9ರ ಕತ್ತರಿ ಅದನ್ನು ಪೂರ್ತಿ ತೆಗೆದುಹಾಕಿತು; ಹದಿನಾರು ಒಳ್ಳೆಯ ಪದಗಳು ಉಳಿದವು. ಟೆಂಪರೇಚರ್ 1ರಲ್ಲಿ ಒಂಬತ್ತೇ ಉಳಿದಿದ್ದವು. ನಮಗೆ ಬೇಕಾದದ್ದು ಇದೇ: ಆಯ್ಕೆ ಹೆಚ್ಚಾಯಿತು, ಕಸ ಬರಲಿಲ್ಲ. ಕತ್ತರಿಯನ್ನು 0.95ಕ್ಕೆ ಸಡಿಲಿಸಿದರೆ ಅದೇ 1.2ರಲ್ಲಿ ಬಾಲದ ಎರಡು ಸಾವಿರದಷ್ಟು ಚೂರುಗಳು ಮತ್ತೆ ಒಳಗೆ ನುಗ್ಗುತ್ತವೆ. ಎರಡು ಗುಂಡಿಗಳನ್ನೂ ಒಟ್ಟಿಗೆ ತಿರುಗಿಸಬೇಡಿ, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಬದಲಿಸಿ ಎಂದು ಕೆಲವು ಮಾಡೆಲ್‌ಗಳ ಕೈಪಿಡಿಗಳೇ ಹೇಳುವುದು ಇದಕ್ಕಾಗಿ.

ಕನ್ನಡದಲ್ಲಿ ಬರೆಸುವವರು ಇನ್ನೂ ಸ್ವಲ್ಪ ಜಾಗ್ರತೆ ವಹಿಸಬೇಕು. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್. ನಮ್ಮ 'ಕ್ಷ'ದಲ್ಲಿ ಕ, ಹಲಂತ, ಷ ಮೂರೂ ಇವೆ. ಒಂದೊಂದಕ್ಕೆ ಮೂರರಂತೆ ಒಂಬತ್ತು ಬೈಟ್. ಕನ್ನಡವನ್ನು ಕಡಿಮೆ ಓದಿದ ಮಾಡೆಲ್‌ಗಳು ನಮ್ಮ ಪದವನ್ನು ಬಹಳ ಸಣ್ಣ ತುಂಡುಗಳಾಗಿ ಒಡೆಯುತ್ತವೆ. ತುಂಡು ಹೆಚ್ಚಿದಷ್ಟೂ ಚೀಟಿ ಎತ್ತುವ ಸಲಗಳೂ ಹೆಚ್ಚು. ಪ್ರತಿ ಸಲವೂ ಕಸ ಬರುವ ಸಾಧ್ಯತೆ ಶೇಕಡಾ ಒಂದೇ ಇದ್ದರೂ, ನೂರು ಟೋಕನ್ನಿನ ಬರಹದಲ್ಲಿ ಒಮ್ಮೆಯಾದರೂ ಕಸ ಬೀಳುವ ಸಾಧ್ಯತೆ ಶೇಕಡಾ 63. ಅದೇ ಮಾತನ್ನು ಮುನ್ನೂರು ಟೋಕನ್ನಿನಲ್ಲಿ ಹೇಳಬೇಕಾಗಿ ಬಂದರೆ ಶೇಕಡಾ 95. ಬಿಸಿ ಹೆಚ್ಚಾಗಿದೆ ಎಂಬುದನ್ನು ಕನ್ನಡದಲ್ಲಿ ಗುರುತಿಸುವುದು ಸುಲಭ. ಮೊದಲು ಕೆಡುವುದು ಅರ್ಥವಲ್ಲ, ಕಾಗುಣಿತ. ಒತ್ತಕ್ಷರ ಬದಲಾಗುತ್ತದೆ, ವಿಭಕ್ತಿ ಪ್ರತ್ಯಯ ತಪ್ಪುತ್ತದೆ, ಪದದ ನಡುವೆ ದೇವನಾಗರಿಯೋ ತೆಲುಗೋ ಇಣುಕುತ್ತದೆ. ಅಂಥ ಒಂದು ಪದ ಕಂಡರೂ ಟಾಪ್-ಪಿಯನ್ನು ಬಿಗಿ ಮಾಡಿ, ಇಲ್ಲವೇ ಟೆಂಪರೇಚರನ್ನು ಹತ್ತನೆಯ ಒಂದು ಭಾಗ ಇಳಿಸಿ.

ಇನ್ನು ಸಂಗತಿಗಳ ಕಡೆಗೆ. ಟೆಂಪರೇಚರ್ ಸೊನ್ನೆ ಎಂದರೆ ಸತ್ಯ ಎಂದು ತಿಳಿದವರು ಬಹಳ ಮಂದಿ. ಸೊನ್ನೆ ಮಾಡುವುದು ಇಷ್ಟೇ: ಹೆಚ್ಚು ಚೀಟಿ ಯಾವುದಕ್ಕಿದೆಯೋ ಅದನ್ನೇ ಹೇಳುತ್ತದೆ. 1973ಕ್ಕೆ 81 ಚೀಟಿ ಇದ್ದದ್ದರಿಂದ ಅಲ್ಲಿ ಒಳ್ಳೆಯದಾಯಿತು. ಹೆಚ್ಚು ಬರಹವಿಲ್ಲದ ವಿಷಯ ಕೇಳಿ ನೋಡಿ, ಸಣ್ಣ ಊರಿನ ದೇವಸ್ಥಾನದ ಶಾಸನ ಯಾವ ವರ್ಷದ್ದು ಎಂಬಂಥದ್ದು. ಗಡಿಗೆಯಲ್ಲಿ ತಪ್ಪು ಇಸವಿಗೆ 30, ಸರಿ ಇಸವಿಗೆ 25, ಉಳಿದದ್ದು ಇನ್ನೂ ಹತ್ತಾರು ಇಸವಿಗಳಿಗೆ ಹಂಚಿಹೋಗಿರಬಹುದು. ಬಿಸಿ ಇದ್ದಾಗ ನಾಲ್ಕಕ್ಕೆ ಒಂದು ಸಲವಾದರೂ ಸರಿ ಬರುತ್ತಿತ್ತು. ಸೊನ್ನೆಯಲ್ಲಿ ನೂರಕ್ಕೆ ನೂರು ಸಲವೂ ತಪ್ಪು, ಅದೂ ಒಂದಿಷ್ಟೂ ಅಳುಕಿಲ್ಲದ ಧಾಟಿಯಲ್ಲಿ. ಪ್ರತಿ ಸಲ ಒಂದೇ ಉತ್ತರ ಬಂದಾಗ ನಮಗೆ ನಂಬಿಕೆ ಹುಟ್ಟುತ್ತದೆ, ಆದರೆ ಸೊನ್ನೆಯಲ್ಲಿ ಆ ಒಂದೇತನ ಸೆಟ್ಟಿಂಗ್‌ನಿಂದ ಬಂದದ್ದು, ತಿಳಿವಳಿಕೆಯಿಂದ ಬಂದದ್ದಲ್ಲ.

ಹಾಗಾಗಿ ಸಂಗತಿಗಳಿಗೆ ನಾನು ಎರಡು ಸಲ ಕೇಳಿಸುತ್ತೇನೆ. ಬಳಸುವ ಉತ್ತರವನ್ನು ಸೊನ್ನೆಯಲ್ಲಿ ತೆಗೆದುಕೊಳ್ಳುತ್ತೇನೆ. ಅದಕ್ಕೆ ಮೊದಲು, ಪರೀಕ್ಷೆಗಾಗಿ, ಟೆಂಪರೇಚರ್ 0.7ರಿಂದ 1ರ ನಡುವೆ ಇಟ್ಟು ಅದೇ ಪ್ರಶ್ನೆಯನ್ನು ಐದು ಸಲ, ಪ್ರತಿ ಸಲವೂ ಹೊಸದಾಗಿ ಕೇಳುತ್ತೇನೆ. ಐದೂ ಒಂದೇ ಆದರೆ ಗಡಿಗೆಯಲ್ಲಿ ಒಂದಕ್ಕೇ ಹೆಚ್ಚು ಚೀಟಿ ಇದೆ. ಮೂರು ಬೇರೆ ಬೇರೆ ಇಸವಿ ಬಂದರೆ ಮಾಡೆಲ್‌ಗೆ ಗೊತ್ತಿಲ್ಲ. ಸೊನ್ನೆಯಲ್ಲಿ ಅದು ಏನು ಹೇಳಿದರೂ ಪುಸ್ತಕ ತೆರೆಯಬೇಕು. 2023ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಕಟ್ಟುಕಥೆಯ ಉತ್ತರಗಳನ್ನು ಪತ್ತೆಹಚ್ಚಲು ಇದೇ ತತ್ವ ಬಳಸಿದರು. ಐದು ಸಲವೂ ಒಂದೇ ತಪ್ಪು ಬಂದರೆ ಮಾತ್ರ ಈ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಹಲವು ಬರಹಗಳಲ್ಲಿ ನಕಲಾಗುತ್ತ ಬಂದ ತಪ್ಪುಗಳು ಹಾಗೆ ಬರುತ್ತವೆ.

ಸೊನ್ನೆಯಲ್ಲೂ ಉತ್ತರ ಅಪರೂಪಕ್ಕೆ ಬದಲಾಗುವುದುಂಟು. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಕೂಡಿಸುವಾಗ ಕೂಡಿಸುವ ಕ್ರಮ ಬದಲಾದರೆ ಕೊನೆಯ ಅಂಕಿ ತುಸು ಬದಲಾಗುತ್ತದೆ. ಎರಡು ಟೋಕನ್‌ಗಳು ಸರಿಸಮವಾಗಿದ್ದರೆ ಅಷ್ಟೇ ಸಾಕು. ಇನ್ನು ಕೆಲವು ಮಾಡೆಲ್‌ಗಳು ಈ ಗುಂಡಿಗಳನ್ನು ಮುಟ್ಟಲು ಬಿಡುವುದೇ ಇಲ್ಲ. ಬಿಡುವವುಗಳಲ್ಲಿ ಕೆಲವದರಲ್ಲಿ ಟೆಂಪರೇಚರ್ 1ರವರೆಗೆ, ಕೆಲವದರಲ್ಲಿ 2ರವರೆಗೆ ಹೋಗುತ್ತದೆ. ಒಂದರ 0.8 ಇನ್ನೊಂದರ 0.8 ಅಲ್ಲ.

ಶಿಕ್ಷಕಿಯ ಕೊನೆಯ ಕೆಲಸ ಇವೆರಡನ್ನೂ ಬೆರೆಸುವಂಥದ್ದು: ಕಿತ್ತೂರು ಚೆನ್ನಮ್ಮನ ಬಗ್ಗೆ ಮಕ್ಕಳ ಕಥೆ. ಭಾಷೆಗೆ ಬಿಸಿ ಬೇಕು, ಆದರೆ 1824ರ ಅಕ್ಟೋಬರ್ 1842 ಆಗಬಾರದು. ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಆಗದು, ಏಕೆಂದರೆ ಇಸವಿಯ ಟೋಕನ್ನಿಗೂ ಮಳೆಯ ಟೋಕನ್ನಿಗೂ ಒಂದೇ ಬಿಸಿ ತಾಗುತ್ತದೆ. ಹಾಗಾಗಿ ಕೆಲಸವನ್ನು ಎರಡು ಸುತ್ತು ಮಾಡಿದೆವು. ಮೊದಲ ಸುತ್ತಿನಲ್ಲಿ ಸಂಗತಿಗಳು:

```
temperature = 0
top_p = 1
```

ಬಂದ ಎಂಟು ಸಾಲುಗಳನ್ನು ಅವರು ಪಠ್ಯಪುಸ್ತಕದ ಜೊತೆ ಹೋಲಿಸಿ, ಐದು ಸಲದ ಪರೀಕ್ಷೆಯಲ್ಲಿ ತೂಗಾಡಿದ ಎರಡು ಸಾಲು ಹೊಡೆದುಹಾಕಿದರು. ಉಳಿದ ಆರು ಸಾಲುಗಳನ್ನು ಎರಡನೇ ಸುತ್ತಿನ ಸೂಚನೆಯೊಳಗೇ ಬರೆದು, ಇಸವಿ, ಹೆಸರುಗಳನ್ನು ಇಲ್ಲಿಂದಲೇ ತೆಗೆದುಕೊಳ್ಳಬೇಕು ಎಂದು ಹೇಳಿ, ಕಥೆ ಬರೆಸಿದರು:

```
temperature = 1.1
top_p = 0.9
```

ಸಂಗತಿ ಸೂಚನೆಯಲ್ಲೇ ಇದ್ದರೆ ಆ ಹೆಜ್ಜೆಯ ಗಡಿಗೆಯೇ ಬದಲಾಗುತ್ತದೆ. 1824ಕ್ಕೆ 81ರ ಬದಲು 99 ಚೀಟಿ ಬೀಳುತ್ತದೆ, 1.1ರ ಬಿಸಿಗೆ ಅದು ಅಲುಗಾಡುವುದಿಲ್ಲ. ಮಳೆಯ, ಕೋಟೆಯ, ಕುದುರೆಯ ಪದಗಳಿಗೆ ಮೊದಲಿನಷ್ಟೇ ಬಯಲು ಇರುತ್ತದೆ.

ಆರು ಕಥೆ ಬರೆಸಿದರು. ಆರೂ ಬೇರೆ ಬೇರೆ ಕಡೆಯಿಂದ ಶುರುವಾದವು: ಒಂದು ಕೋಟೆಯ ಬಾವಿಯಿಂದ, ಒಂದು ಲಾಯದ ಹುಡುಗನಿಂದ, ಇನ್ನೊಂದು ಜೋಳದ ಹೊಲದಿಂದ. ಅವುಗಳಲ್ಲೊಂದು ಅಕ್ಟೋಬರನ್ನು ನವೆಂಬರ್ ಮಾಡಿತ್ತು. ಆ ಹಾಳೆಯನ್ನೂ ಅವರು ಎಸೆಯಲಿಲ್ಲ; ಲಾಯದ ಹುಡುಗನ ಕಥೆ ಅದರಲ್ಲೇ ಇತ್ತು. ತಿಂಗಳ ಹೆಸರನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಎಂಟನೇ ತರಗತಿಗೆ ಒಯ್ದರು.